ಅಮಾವಾಸ್ಯೆಯ ಎಂಬತ್ತು ಕೆವಿಎ

ನಮ್ಮ ವರ್ಕ್‌ಶಾಪಿನ ಪ್ಯಾನೆಲ್ ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಸಾಲು ಬರೆದಿದೆ: 'ಮಷೀನ್ ಹಚ್ಚಿದ ಮ್ಯಾಲೆ ಇದನ್ನ ಹಾಕ್ರಿ. ಬಂದ್ ಮಾಡೂ ಮುಂದ ಇದನ್ನ ಮೊದಲ ತಗೀರಿ.' ಅಕ್ಷರ ನನ್ನದು. ಮಾತು ನನ್ನದಲ್ಲ. ಬಂದವರು ಓದಿ, ಶಿಸ್ತಿನ ಮನುಷ್ಯ ಎಂದು ನನ್ನನ್ನು ಹೊಗಳುತ್ತಾರೆ. ನಾನು ಅವರಿಗೆ ಚಹಾ ತರಿಸುತ್ತೇನೆ.

ಬೆಟಗೇರಿಯಲ್ಲಿ ಟ್ರ್ಯಾಕ್ಟರಿಗೆ ಹಚ್ಚಿ ಬಿತ್ತುವ ಕೂರಿಗೆ, ಉಳುವ ರೆಂಟೆ ಮಾಡುವ ಸಣ್ಣ ವರ್ಕ್‌ಶಾಪು ನಮ್ಮದು. ಅಪ್ಪ ಹಾಕಿದ್ದು. ಎರಡು ಲೇತು, ಒಂದು ಪವರ್ ಪ್ರೆಸ್ಸು, ಕಬ್ಬಿಣ ಕೊಯ್ಯುವ ಮಷೀನು, ನಾಲ್ಕು ಹಳೇ ವೆಲ್ಡಿಂಗ್ ಸೆಟ್ಟು. ನಮ್ಮದೇ ಟ್ರಾನ್ಸ್‌ಫಾರ್ಮರ್ ಇದೆ, ಆದ್ದರಿಂದ ಬಿಲ್ಲು ಬರೇ ಯುನಿಟ್ಟಿನ ಮೇಲೆ ಬರುವುದಿಲ್ಲ. ತಿಂಗಳಲ್ಲಿ ಯಾವುದೋ ಒಂದು ಕಾಲು ಗಂಟೆ ನೀವು ಲೈನಿನಿಂದ ಎಷ್ಟು ಲೋಡು, ಅಂದರೆ ಎಷ್ಟು ಕೆವಿಎ, ಜಗ್ಗಿದಿರೋ ಅದನ್ನು ಮೀಟರು ನೆನಪಿಟ್ಟುಕೊಳ್ಳುತ್ತದೆ. ಉಳಿದ ಇಪ್ಪತ್ತೊಂಬತ್ತು ದಿನ ಸನ್ಯಾಸಿಯ ಹಾಗೆ ಇದ್ದರೂ ಆ ಕಾಲು ಗಂಟೆಯ ಲೆಕ್ಕದಲ್ಲೇ ಡಿಮ್ಯಾಂಡ್ ಚಾರ್ಜು. ಕರೆಂಟಿನ ಕಂಪನಿಗೆ ನಾವು ಬರೆದುಕೊಟ್ಟ ಕರಾರು ಎಪ್ಪತ್ತೈದು ಕೆವಿಎ. ಬರುತ್ತಿದ್ದದ್ದು ಎಂಬತ್ತು. ಮೇಲಿನ ಐದಕ್ಕೆ ದುಪ್ಪಟ್ಟು ದರ.

ಅಪ್ಪ ಹೋದ ಮೇಲೆ ಇದೆಲ್ಲ ನನ್ನ ತಲೆಗೆ ಬಂತು. ಕರೆಂಟಿನ ಕೆಲಸಕ್ಕೆ ಅಪ್ಪನ ಕಾಲದಿಂದಲೂ ಒಬ್ಬ ಮಿಸ್ತ್ರಿ ಇದ್ದರು. ಚಿಕ್ಕವನಿದ್ದಾಗಿನಿಂದ ನಾನು ಅವರನ್ನು ಕಾಕಾ ಎಂದೇ ಕರೆದವನು. ದಪ್ಪ ಕನ್ನಡಕ, ಜೇಬಿನಲ್ಲಿ ಟೆಸ್ಟರು, ಮಾತು ಕಡಿಮೆ. ಬಿಲ್ಲು ಹಿಡಿದುಕೊಂಡು ನಾನು ಬೈಯುತ್ತಾ ಕೂತಿದ್ದ ಒಂದು ದಿನ ಅವರೇ ಹತ್ತಿರ ಬಂದು, "ಕೆಪ್ಯಾಸಿಟರ್ ಹಾಕಿಸೂಣ್ರಿ ಸಾವಕಾರ್ರ" ಎಂದರು.

"ಅದೇನು ಕರೆಂಟ್ ಹುಟ್ಟಸ್ತೈತೇನ್ರಿ ಕಾಕಾ?"

"ಹುಟ್ಟಸಂಗಿಲ್ಲ. ಮೋಟಾರ್ ಎರಡು ನಮೂನಿ ಕರೆಂಟ್ ಬೇಡತೈತಿ. ಒಂದು ದುಡಿಯೂದು, ಅದು ಖರ್ಚ ಆಗತೈತಿ. ಇನ್ನೊಂದು ಒಳಗ ಅಯಸ್ಕಾಂತ ಮಾಡೂದು. ಅದು ಖರ್ಚ ಆಗಂಗಿಲ್ಲ, ಬರೇ ಹೋಗಿ ಬಂದು ಮಾಡತೈತಿ. ಆದ್ರ ಹೋಗಿ ಬರಾಕ ಲೈನ್ ಬೇಕಲ್ಲ? ನಿಮ್ಮ ವೆಲ್ಡಿಂಗ್ ಸೆಟ್ಟಿಗೆ ಆ ಎರಡನೇದು ಭಾಳ ಬೇಕು. ಕೆವಿಎ ಮೀಟರ್ ಎರಡನ್ನೂ ಕೂಡಿಸಿ ನೋಡತೈತಿ. ಕೆಪ್ಯಾಸಿಟರ್ ಇಟ್ರ ಆ ಎರಡನೇದು ಮೋಟಾರಿಗೂ ಅದಕ್ಕೂ ನಡುವ, ನಮ್ಮ ಶೆಡ್ಡಿನಾಗ ಓಡ್ಯಾಡತೈತಿ. ಕಂಬದ ಮಟ ಹೋಗೂದ ಬ್ಯಾಡ."

ದಿನಾ ನೆರೆಮನೆಯಿಂದ ಬೀಸುಕಲ್ಲು ಹೊತ್ತು ತಂದು ವಾಪಸ್ ಕೊಡುವ ಬದಲು ಮನೆಯಲ್ಲೇ ಒಂದು ಇಟ್ಟುಕೊಂಡ ಹಾಗೆ ಎಂದು ನಾನು ತಿಳಿದುಕೊಂಡೆ. ಕಾಕಾ ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಬರೆದರು. ಎಲ್ಲಾ ಮಷೀನು ಒಟ್ಟಿಗೆ ಓಡಿದಾಗ ನಿಜವಾಗಿ ದುಡಿಯುವುದು ಐವತ್ತಾರು ಕಿಲೋವ್ಯಾಟು. ಲೈನಿನಿಂದ ಜಗ್ಗಿದ್ದರಲ್ಲಿ ದುಡಿಯುವ ಪಾಲು, ಅಂದರೆ ಪವರ್ ಫ್ಯಾಕ್ಟರ್, ಪಾಯಿಂಟ್ ಏಳು, ಆದ್ದರಿಂದ ಎಂಬತ್ತು ಕೆವಿಎ. ನಲವತ್ತು ಕೆವಿಎಆರ್ ಅಳತೆಯ ಕೆಪ್ಯಾಸಿಟರ್ ಹಾಕಿದರೆ ಪವರ್ ಫ್ಯಾಕ್ಟರ್ ಪಾಯಿಂಟ್ ತೊಂಬತ್ತೈದು, ಕೆವಿಎ ಐವತ್ತೊಂಬತ್ತು. ಯುನಿಟ್ ಹಂಗ ಕಮ್ಮಿ ಆಗಂಗಿಲ್ಲ, ಆಸಿ ಇಟ್ಕೋಬ್ಯಾಡ್ರಿ ಎಂದೂ ಹೇಳಿದರು.

ಹುಬ್ಬಳ್ಳಿಯಿಂದ ತಾವೇ ಆರಿಸಿ ತಂದರು. ಸಿಲಿಂಡರಿನಂಥ ಡಬ್ಬಿಗಳು, ಅವಕ್ಕೊಂದು ಪ್ರತ್ಯೇಕ ಸ್ವಿಚ್ಚು. ಎಲ್ಲಾ ಮಷೀನು ಓಡಿಸಿ ನನ್ನನ್ನು ಮೇನ್ ಅಮ್ಮೀಟರಿನ ಮುಂದೆ ನಿಲ್ಲಿಸಿದರು. ಮುಳ್ಳು ನೂರಾ ಹತ್ತರ ಮೇಲಿತ್ತು. ಸ್ವಿಚ್ಚು ಹಾಕಿದರು, ಮುಳ್ಳು ಎಂಬತ್ತೆರಡಕ್ಕೆ ಇಳಿಯಿತು. ಒಂದು ಮಷೀನೂ ಮೆತ್ತಗಾಗಲಿಲ್ಲ. ನಾನು ಖುಷಿಯಿಂದ ಅವರ ಭುಜ ಹಿಡಿದು ಅಲ್ಲಾಡಿಸಿದೆ.

ಮುಂದಿನ ತಿಂಗಳು ಮೀಟರು ಐವತ್ತೊಂಬತ್ತು ತೋರಿಸಿತು. ಕರಾರಿನ ನೂರಕ್ಕೆ ಎಂಬತ್ತೈದು ಭಾಗ ಹೇಗೂ ಕಟ್ಟಲೇಬೇಕಾದ್ದರಿಂದ ಬಿಲ್ಲಾದದ್ದು ಅರವತ್ನಾಲ್ಕರ ಹತ್ತಿರ. "ಆರು ತಿಂಗಳ ಹಿಂಗ ನಡೀಲಿ, ಆಮ್ಯಾಲೆ ಕರಾರನ್ನ ಎಪ್ಪತ್ತಕ್ಕ ಇಳಸೂಣು" ಎಂದರು ಕಾಕಾ. ಆ ಸ್ವಿಚ್ಚು ಅವರದೇ ಹಕ್ಕಾಯಿತು. ಬೆಳಿಗ್ಗೆ ಮಷೀನು ಶುರುವಾದ ಮೇಲೆ ಹಾಕುವುದು, ಸಂಜೆ ಮಷೀನು ನಿಲ್ಲಿಸುವ ಮೊದಲು ತೆಗೆಯುವುದು. ಮತ್ತೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಇಲ್ಲಿ ನಮ್ಮ ಅವ್ವನ ವಿಷಯ ಹೇಳಬೇಕು. ಒಂದು ಅಮಾವಾಸ್ಯೆಯ ದಿನ ಪವರ್ ಪ್ರೆಸ್ಸಿನಲ್ಲಿ ಅಪ್ಪನ ಎರಡು ಬೆರಳು ಹೋಗಿದ್ದವು. ಅವತ್ತಿನಿಂದ ಅಮಾವಾಸ್ಯೆಗೆ ನಮ್ಮ ಶೆಡ್ಡಿನಲ್ಲಿ ಮಷೀನು ಓಡುವುದಿಲ್ಲ. ಅವ್ವ ಬಂದು ಪ್ರೆಸ್ಸಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಬೀಗ ತಾನೇ ಹಾಕುತ್ತಾಳೆ. ಕಾಕಾನಿಗೂ ಅವತ್ತು ರಜೆ. ಇಷ್ಟು ವರ್ಷದಲ್ಲಿ ಯಾರೂ ಈ ನೇಮ ಮುರಿದಿರಲಿಲ್ಲ.

ಮುರಿದವನು ನಾನು. ಬಾದಾಮಿ ಅಮಾವಾಸ್ಯೆ, ಬಿತ್ತುವ ಹಂಗಾಮು ಬಾಗಿಲಿಗೆ ಬಂದಿತ್ತು. ಮುಂಡರಗಿಯ ವ್ಯಾಪಾರಿ ಮರುದಿನ ಹತ್ತು ಕೂರಿಗೆ ಬೇಕೇ ಬೇಕು ಎಂದು ಕುತ್ತಿಗೆಯ ಮೇಲೆ ಕೂತಿದ್ದ. ಅವ್ವ ಬೆಳಿಗ್ಗೆ ಪೂಜೆ ಮುಗಿಸಿ, ಕಣಗಿನಹಾಳದ ತನ್ನ ಅಕ್ಕನ ಮನೆಗೆ ಹೋಳಿಗೆ ಊಟಕ್ಕೆ ಹೋದಳು. ನಾನು ಬೀಗ ತೆಗೆದು ಕೆಲಸದವರನ್ನು ಫೋನ್ ಮಾಡಿ ಕರೆಸಿದೆ. ಮೇನ್ ಹಾಕಿದೆ. ನಾಲ್ಕೂ ವೆಲ್ಡಿಂಗ್ ಸೆಟ್ಟು, ಲೇತು, ಪ್ರೆಸ್ಸು, ಎಲ್ಲವನ್ನೂ ಒಮ್ಮೆಲೇ ಓಡಿಸಿದೆ. ಒಂದು ಗಂಟೆಯ ಮೇಲೆ ಸ್ವಲ್ಪ. ಅವ್ವನಿಗೆ ಹೇಳಬ್ಯಾಡ್ರಿ ಎಂದು ಎಲ್ಲರಿಗೂ ತಾಕೀತು ಮಾಡಿ, ಮತ್ತೆ ಬೀಗ ಹಾಕಿ, ಕೈಕಾಲು ತೊಳೆದುಕೊಂಡು ಕೂತೆ. ಕೆಪ್ಯಾಸಿಟರಿನ ನೆನಪು ನನಗೆ ಬರಲೇ ಇಲ್ಲ.

ಮುಂದಿನ ಬಿಲ್ಲಿನಲ್ಲಿ ಎಂಬತ್ತು ಕೆವಿಎ ಇತ್ತು.

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಡಬ್ಬಿಯೊಂದರ ಬಣ್ಣ ಕೆರೆದುಹೋಗಿದ್ದನ್ನು ಹಿಂದೆಯೇ ನೋಡಿದ್ದೆ, ಈಗ ಅದು ನೆನಪಾಯಿತು. ಕಾಕಾ ಹಳೇ ಮಾಲು ತಂದು ಹೊಸದರ ರೊಕ್ಕ ಹೊಡೆದಿದ್ದಾನೆ ಎಂದು ಒಂದೇ ಗಳಿಗೆಯಲ್ಲಿ ತೀರ್ಮಾನ ಮಾಡಿ, ಡಬ್ಬಿ ಸತ್ತಾವು ಎಂದು ಬಿಲ್ಲನ್ನು ಅವರ ಮುಂದೆ ಎಸೆದೆ. ಕಾಕಾ ಬಿಲ್ಲನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. ಅವ್ವ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಡಬ್ಬಿ ಸತ್ತಿದ್ರ ತಿಂಗಳ ಪವರ್ ಫ್ಯಾಕ್ಟರೂ ಬೀಳಬೇಕಿತ್ತಲ್ರಿ. ನೋಡ್ರಿ, ಪಾಯಿಂಟ್ ತೊಂಬತ್ನಾಲ್ಕ ಐತಿ. ತಿಂಗಳೆಲ್ಲಾ ಕೆಪ್ಯಾಸಿಟರ್ ದುಡದಾವು. ಯಾವದೋ ಒಂದ ಹೊತ್ತು ಅದನ್ನ ಹಾಕದ ಎಲ್ಲಾ ಮಷೀನ್ ಓಡ್ಯಾವು. ಮೀಟರಿನಾಗ ದಿನ, ತಾಸು ಎಲ್ಲಾ ಇರತೈತಿ, ತಗಸ್ರಿ." ಆಮೇಲೆ ಕೇಳಿದರು: "ಅಮಾಸಿ ದಿನ ಏನರ ಹಚ್ಚಿದ್ರೇನು?"

ಅವ್ವನ ಕೈ ನಿಂತಿತು. ಅವಳು ನನ್ನ ಕಡೆ ನೋಡಿದಳು.

"ಅಮಾಸಿಗೆ ನಮ್ಮಲ್ಲಿ ಮಷೀನ್ ಹಚ್ಚತಾರೇನು? ಇಷ್ಟ ವರ್ಷ ಇದ್ದು ಗೊತ್ತಿಲ್ಲೇನು ನಿನಗ?" ಎಂದೆ. ರೀ ಹೋಗಿ ನೀನು ಬಂದಿತ್ತು. ಕಾಕಾ ನನ್ನ ಮುಖವನ್ನೇ ನೋಡಿದರು. ಆ ನೋಟ ತಡೆಯಲಾಗದೆ ನಾನು ದನಿ ಏರಿಸಿದೆ. ಹಳೇ ಡಬ್ಬಿ, ಹುಬ್ಬಳ್ಳಿಯ ಕಮಿಷನ್ನು, ಉಂಡ ಮನೆ, ಏನೇನೋ ಅಂದೆ. ಅವ್ವನೂ, "ನಮ್ಮವರಿದ್ದಾಗಿಂದ ನಂಬಿದ್ವಲ್ಲೋ ನಿನ್ನ" ಎಂದಳು. ಕಾಕಾ ಬಿಲ್ಲು ಮಡಚಿ ನನ್ನ ಕೈಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಬಂದು, ತಮ್ಮ ಸಾಮಾನಿನ ಚೀಲ ತುಂಬಿಕೊಂಡರು. ಹೋಗುವ ಮೊದಲು ಕೆಪ್ಯಾಸಿಟರ್ ಸ್ವಿಚ್ಚಿನ ಮೇಲೆ ಬ್ರಷ್ಷಿನಿಂದ ಆ ಸಾಲು ಬರೆದರು. ಸೊಟ್ಟ ಸೊಟ್ಟ ಅಕ್ಷರ. ಕೀಲಿಕೈ ಮೇಜಿನ ಮೇಲಿಟ್ಟು ಹೊರಟುಹೋದರು.

ಅವರು ಬರೆದ ಹಾಗೆ ನಾನು ದಿನಾ ಸ್ವಿಚ್ಚು ಹಾಕಿದೆ, ತೆಗೆದೆ. ಮುಂದಿನ ತಿಂಗಳು ಮತ್ತೆ ಐವತ್ತೊಂಬತ್ತು ಬಂತು. ಕಳ್ಳ ಹೋದ, ಬಿಲ್ಲು ಇಳಿಯಿತು ಎಂದು ಅವ್ವ ಓಣಿಯಲ್ಲೆಲ್ಲ ಹೇಳಿದಳು. ನಾನೂ ಹೇಳಿದೆ. ನಂಬಿಯೇ ಹೇಳಿದೆ ಎಂದು ಈಗ ಬರೆಯಬಹುದು, ಆದರೆ ಅದು ಪೂರ್ತಿ ಖರೆ ಅಲ್ಲ. ಅಮಾವಾಸ್ಯೆಯ ವಿಚಾರ ತಲೆಗೆ ಬಂದಾಗಲೆಲ್ಲ ನಾನೇ ಬೇರೆ ಕಡೆ ಹೊರಳುತ್ತಿದ್ದೆ.

ಆ ಡಬ್ಬಿಗಳ ಮೇಲೆ ಭರವಸೆ ಇಲ್ಲವೆಂದು ಕರಾರನ್ನೇ ತೊಂಬತ್ತಕ್ಕೆ ಏರಿಸಲು ಅರ್ಜಿ ಕೊಟ್ಟೆ. ಪರೀಕ್ಷೆಗೆ ಬಂದ ಇಂಜಿನಿಯರು ಮೀಟರಿಗೆ ವೈರು ಹಚ್ಚಿ ದಾಖಲೆ ಇಳಿಸಿಕೊಂಡರು. ನೋಡಿ ನಕ್ಕರು. "ಏರಸೂದ ಯಾಕ್ರಿ? ಇಳಸಾಕ ಬರಿಬೇಕಿತ್ತು ನೀವು. ಒಂದ ದಿನ ಅಷ್ಟ ಎಂಬತ್ತು ಹೋಗೈತಿ. ಹನ್ನೊಂದೂವರಿಯಿಂದ ಹನ್ನೆರಡೂಮುಕ್ಕಾಲು." ತಾರೀಖು ಓದಿದರು. ಕ್ಯಾಲೆಂಡರ್ ನೋಡುವ ಅಗತ್ಯ ನನಗಿರಲಿಲ್ಲ. ಅರ್ಜಿ ವಾಪಸ್ ಕೇಳಿದೆ.

ಕಾಕಾ ಲಕ್ಷ್ಮೇಶ್ವರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯೊಂದರಲ್ಲಿ ಕೂಲಿಗೆ ಕೂರುತ್ತಾರೆಂದು ಗೊತ್ತಾಗಿ, ಗಾಡಿ ಹಾಕಿಕೊಂಡು ಹೋದೆ. ನೆಲದ ಮೇಲೆ ಕೂತು ಸುಟ್ಟ ಪಂಪಿನ ಹಳೇ ತಂತಿ ಕೀಳುತ್ತಿದ್ದರು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಅಲ್ಲಿ ಮರೆತುಹೋಯಿತು. "ಅಮಾಸಿ ದಿನ ನಾನ ಹಚ್ಚಿದ್ದೆ, ಕಾಕಾ" ಎಂದೆ.

"ಗೊತ್ತಿತ್ತು" ಎಂದರು, ಕೈ ನಿಲ್ಲಿಸದೆ. "ಹುಣಿಮಿಯಿಂದ ಬರೇ ಕಬ್ಬಿಣ ಕೊಯ್ದು ಇಟ್ಟಿದ್ರಿ. ಮರುದಿನ ಬಂದು ನೋಡತೀನಿ, ಹತ್ತು ಕೂರಿಗಿ ಬೆಸುಗಿ ಆಗಿ ನಿಂತಾವು."

"ಮತ್ತ ಅವತ್ತ ಯಾಕ ಹೇಳಲಿಲ್ರಿ?"

"ಅವ್ವಾರ ಮುಂದ ನಿಮ್ಮನ್ನ ಸುಳ್ಳ ಮಾಡೂದು ಹೆಂಗ? ನೀವ ಹೇಳತೀರಿ ಅಂತ ದಾರಿ ನೋಡಿದೆ."

ವಾಪಸ್ ಬರ್ರಿ ಎಂದು ಕೈ ಹಿಡಿದುಕೊಂಡೆ. ಮೆಲ್ಲಗೆ ಬಿಡಿಸಿಕೊಂಡರು. "ಪಗಾರಕ್ಕ ಇಲ್ಲಿ ಕೊರತಿ ಇಲ್ರಿ. ಅವ್ವಾರಿಗೆ ಖರೆ ಹೇಳ್ರಿ. ಅವರು ಬಾ ಅಂದ್ರ ಅವತ್ತ ಬರತೀನಿ." ಅಂಗಡಿಯವನಿಗೆ ಹೇಳಿ ನನಗೊಂದು ಚಹಾ ಕೊಡಿಸಿದರು. ಕುಡಿದು ಬಂದೆ.

ಮಾಗಡಿ ಕೆರೆಯ ಹತ್ತಿರ ಗಾಡಿ ನಿಲ್ಲಿಸಿ, ಇವತ್ತೇ ಹೇಳಿಬಿಡಬೇಕು ಎಂದುಕೊಂಡೆ. ಮನೆಗೆ ಬಂದಾಗ ಅವ್ವ ಅಪ್ಪನ ಫೋಟೋ ಒರೆಸುತ್ತಿದ್ದಳು. ನಾಳೆ ಹೇಳಿದರಾಯಿತು ಎಂದು ಒಳಗೆ ಹೋದೆ. ಹಾಗೆ ಎಷ್ಟು ನಾಳೆಗಳಾದವೋ.

ಮೊನ್ನೆ ದೀಪಾವಳಿಗೆ ಶೆಡ್ಡಿಗೆ ಸುಣ್ಣ ಹೊಡೆಸುವಾಗ ಅವ್ವ ಪ್ಯಾನೆಲ್ಲಿನ ಮುಂದೆ ನಿಂತು, "ಆ ಕಳ್ಳನ ಅಕ್ಷರ ಇನ್ನೂ ಯಾಕ ಇಟ್ಕೊಂಡಿ? ಅಳಿಸಿ ಬಿಡು" ಎಂದಳು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ. ಆಮೇಲೆ ಪೇಂಟಿನ ಥಿನ್ನರಿನಲ್ಲಿ ಅರಿವೆ ಅದ್ದಿ ಆ ಸೊಟ್ಟ ಅಕ್ಷರಗಳನ್ನು ತಿಕ್ಕಿ ತೆಗೆದೆ. ಸ್ವಿಚ್ಚು ಮರೆತರೆ ಮತ್ತೆ ಎಂಬತ್ತು ಬರುತ್ತದಲ್ಲ, ಅದಕ್ಕೆ ಅದೇ ಜಾಗದಲ್ಲಿ ಅದೇ ಮಾತನ್ನು ನನ್ನ ಕೈಯಿಂದ ಬರೆದೆ.

ಅವ್ವ ದೂರ ನಿಂತು ಓದಿ, "ನಿನ್ನ ಅಕ್ಷರ ಎಷ್ಟ ಛಲೋ ಅದಾವು ನೋಡು" ಎಂದಳು.