ವಕ್ತೃಗಳ ಪಟ್ಟಿಯಲ್ಲಿ ಅವ್ವ

“ಡಿಗ್ರಿ ಮಾಡಿದ್ದೇ ಎಚ್ಚು. ಇವಳು ಬುಕ್ಕು ಬೇರೆ ಬರೀತಾಳಾ? ಬುಡ್ರಲಾ,” ಅಂದವರು ನಮ್ಮ ದೊಡ್ಡಪ್ಪ, ರಾಮನಾಥಪುರದ ಬಸ್ ಸ್ಟ್ಯಾಂಡಿನಲ್ಲಿ, ನಾಲ್ಕು ಜನರ ಮುಂದೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ್ದು ನಾನೇ ಮೊದಲು. ಅವರು ಬುಕ್ಕು ಅಂದದ್ದು ಹಾಸನದಲ್ಲಿ ನಾನು ಓದುತ್ತಿದ್ದ ಜಾನಪದ ಡಿಪ್ಲೊಮಾದ ಪ್ರಾಜೆಕ್ಟ್ ವರದಿಯನ್ನು. ವಿಷಯ, ಹೊಗೆಸೊಪ್ಪು ಕಟ್ಟುವ ಹೆಂಗಸರ ಹಾಡುಗಳು.

ಅವ್ವ ಬದುಕಿಡೀ ಒಣಗಿಸುವ ಕಡ್ಡಿಗೆ ಹೊಗೆಸೊಪ್ಪಿನ ಎಲೆ ಕಟ್ಟಿದವಳು. ತೀರಿಹೋಗುವ ಮುಂಚಿನ ವರ್ಷ ಅವಳು ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ. ಈಗಲೂ ಪೂರ್ತಿ ಕೇಳಲಾರೆ; ಹಾಡಿನ ನಡುವೆ “ಉಂಡ್ಯೇನವ್ವ?” ಅಂತ ನನ್ನನ್ನು ಕೇಳ್ತಾಳೆ. ವರದಿಯ ಮೊದಲ ಹಾಳೆಯಲ್ಲಿ ‘ಅವ್ವನಿಗೆ’ ಅಂತ ಒಂದೇ ಪದ ಹಾಕಿದ್ದೆ.

ಗೈಡ್ ಮೇಷ್ಟ್ರು ವರದಿ ವಾಪಸ್ ಕೊಟ್ಟರು.

“ಮಾದರಿ ಪ್ರಕಾರ ಇಲ್ಲಮ್ಮ. ಮುಖಪುಟ, ಪ್ರಮಾಣಪತ್ರ, ಘೋಷಣೆ, ಕೃತಜ್ಞತೆ, ಪರಿವಿಡಿ, ಆಮೇಲೆ ಐದು ಅಧ್ಯಾಯ, ಕೊನೆಗೆ ಅನುಬಂಧ. ಅರ್ಪಣೆ ಪುಟ ಇದರಲ್ಲಿಲ್ಲ. ಸರಿಮಾಡದೆ ಪ್ರಮಾಣಪತ್ರಕ್ಕೆ ಸಹಿ ಹಾಕೋಕಾಗಲ್ಲ.”

“ಆ ಪುಟ ತೆಗೆದ್ರೆ ಅವ್ವ ಎಲ್ಲಿ ಬತ್ತಾಳೆ ಸಾ?”

“ಕೃತಜ್ಞತೆಯಲ್ಲಿ ಬರಿ.”

ಥ್ಯಾಂಕ್ಸ್ ಹೇಳುವ ಸಾಲಿನಲ್ಲಿ ಲೈಬ್ರರಿಯವರಿಗೂ ಟೈಪಿಸ್ಟಿಗೂ ನಡುವೆ ಅವ್ವನನ್ನು ನಿಲ್ಲಿಸೋದಾ? ಮೇಷ್ಟ್ರು ಹಾಳೆ ತಿರುವುತ್ತಾ ಅನುಬಂಧಕ್ಕೆ ಬಂದರು. ಹಾಡಿ ಕೊಟ್ಟವರ ಪಟ್ಟಿ ಅಲ್ಲಿತ್ತು, ವಕ್ತೃಗಳು ಅಂತ. ಅವ್ವನ ತಂಗಿ, ನಮ್ಮ ಚಿಕ್ಕಮ್ಮ ಸೇರಿ ಎಂಟು ಜನ.

“ಇಷ್ಟು ಹಾಡು ನಿಮ್ಮವ್ವನದ್ದೇ ಅಂತೀಯ. ಅವರ ಹೆಸರೇ ಇಲ್ವಲ್ಲಮ್ಮ?”

“ಹೆತ್ತವ್ವ ಸಾ. ಹೆತ್ತೋಳ್ನೇ ಪಟ್ಟಿಗೆ ಹಾಕಬಾರ್ದೇನೋ ಅಂತ…”

“ಹಾಡಿದೋರು ಯಾರೇ ಆಗ್ಲಿ, ವಕ್ತೃ. ಬಿಟ್ಟರೆ, ಎಲ್ಲಾ ಮೂಲ ಹೇಳಿದೀನಿ ಅನ್ನೋ ನಿನ್ನ ಘೋಷಣೆಯೇ ಸುಳ್ಳಾಗುತ್ತೆ.”

ಹೊಳೆನರಸೀಪುರದ ಡಿಟಿಪಿ ಅಂಗಡಿಯಲ್ಲಿ ಎರಡು ದಿನ ಕೂತೆ. ಟೈಪ್ ಮಾಡುವ ಅಕ್ಕ ಬೈಂಡಿಂಗಿಗೆ ಎಡಗಡೆ ಜಾಗ ಹೆಚ್ಚಿಸಿದರು, ಪ್ರತಿ ಅಧ್ಯಾಯವನ್ನೂ ಹೊಸ ಪುಟಕ್ಕೆ ತಂದರು. ಅಧ್ಯಾಯಗಳಿಗೂ ಮೊದಲಿನ ಹಾಳೆಗಳಿಗೆ ರೋಮನ್ ಅಂಕಿ, ಅಧ್ಯಾಯ ಒಂದರಿಂದ ಮಾಮೂಲಿ ಅಂಕಿ. ನಡುವೆ ಸೆಕ್ಷನ್ ಬ್ರೇಕ್ ಹಾಕಿ ಬೇರೆ ಮಾಡದೆ ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತಿತ್ತು. ಅರ್ಪಣೆ ಪುಟ ತೆಗೆಸಿದೆ. ಕೊನೆಗೆ ವಕ್ತೃಗಳ ಪಟ್ಟಿಯಲ್ಲಿ ಅವ್ವನ ಸಾಲು. ಹೆಸರು ಹೇಳಿದೆ, ಊರು ಹೇಳಿದೆ. ಓದು: ಇಲ್ಲ. ಕಸುಬು: ಎಲೆ ಕಟ್ಟುವುದು.

“ವಯಸ್ಸು?”

“ತೀರ್ಕಂಡವ್ಳೆ ಅಕ್ಕ, ಯಾವ ವಯಸ್ಸು ಹಾಕೋದು?” ಅಂದೆ. ಅಕ್ಕ ಕೀಬೋರ್ಡಿನಿಂದ ಕೈ ತೆಗೆದರು. “ಹಾಡಿದಾಗ ಎಷ್ಟಿತ್ತೋ ಅಷ್ಟೇ ಹಾಕಾನ ಬುಡಿ.”

ಐವತ್ತೊಂದು ಅಂದೆ. ಪಟ್ಟಿಯಲ್ಲಿ ಅವ್ವನಿಗೆ ಇನ್ನು ವಯಸ್ಸಾಗುವುದಿಲ್ಲ.

ಮೇಷ್ಟ್ರು ಸಹಿ ಹಾಕಿದರು, ಸೀಲು ಬಿತ್ತು. ಫಲಿತಾಂಶ ಬಂದಮೇಲೆ ಡಿಪ್ಲೊಮಾ ಸರ್ಟಿಫಿಕೇಟ್ ತರಲು ಹೋದಾಗ ಚಿಕ್ಕಮ್ಮನೂ ಜೊತೆಗಿದ್ದಳು. ಆಫೀಸಿನವರು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡು ಕೊಟ್ಟರು. ಅದನ್ನು ಚಿಕ್ಕಮ್ಮನ ಕೈಗಿಟ್ಟೆ. ಸೆರಗಿಗೆ ಕೈ ಒರೆಸಿ ತಗೊಂಡಳು, ತಿರುಗಿಸಿ ನೋಡಿದಳು, ವಾಪಸ್ ಕೊಟ್ಟಳು.

“ಇದು ನಿಂದು, ನೀನೇ ಮಡಿಕ. ನಮ್ಮಕ್ಕನ ಎಸ್ರು ಇರೋ ಆ ಬುಕ್ಕು ಒಂದ ನಂಗೆ ಕೊಡು ಕಣವ್ವ.”