ಲೇಬಲ್ ಹಾಕದ ಮುಖ

ದಾವಣಗೆರೆಯ ಸೀರೆ ಅಂಗಡಿಯೊಂದರಲ್ಲಿ ನಾನು ಸೇಲ್ಸಿನವಳು. ಹಬ್ಬಕ್ಕೆ ಬಂದ ಹೊಸ ಸೀರೆ ಉಡಿಸಿ, ಜಾಹೀರಾತಿಗೆಂದು ಅಂಗಡಿ ಸಾವ್ಕಾರ್ರು ನನ್ನದೇ ವಿಡಿಯೋ ತೆಗೆದರು. ಮರುದಿನ ಮೊಬೈಲಿನಲ್ಲಿ ನೋಡಿದರೆ ಮೈ ನನ್ನದು, ಮುಖ ಮಾತ್ರ ಎಐನಲ್ಲಿ ಮಾಡಿದ ಬೆಳ್ಳನೆಯ ಹುಡುಗಿಯದು.

"ಸಾವ್ಕಾರ್ರೇ, ಎಐ ಅಂತ ಲೇಬಲ್ ಆದ್ರೂ ಹಾಕ್ರಿ. ಅಪ್‌ಲೋಡ್ ಮಾಡುವಾಗ ಆ್ಯಪೇ ಕೇಳ್ತೈತಲ್ಲ" ಅಂದೆ.

"ಬ್ಯಾಡಮ್ಮ, ಲೇಬಲ್ ಕಂಡ್ರೆ ಗಿರಾಕಿ ಬರಂಗಿಲ್ಲ."

ಗಿರಾಕಿ ಬಂದರು. ಭಾನುವಳ್ಳಿಯಿಂದ ಬಂದ ಒಬ್ಬಾಕೆ, "ವಿಡಿಯೋದಾಗಿನ ಹುಡುಗಿನ ಕರೀರಿ, ಆಕೀನೇ ಸೀರೆ ತೋರಿಸ್ಲಿ" ಎಂದು ನನಗೇ ಹೇಳಿದಳು. ನಾನೇ ಸೀರೆ ಬಿಚ್ಚಿ ಹಾಸಿದೆ.

ಕೊನೆಗೆ ಆ್ಯಪಿನವರೇ ಲೇಬಲ್ ಹಾಕಿದರು. ತೆಗೆಯಲು ನೋಡಿದರೆ ನಮ್ಮ ಕೈಯಲ್ಲಿ ಆಗಲಿಲ್ಲ. ಕಮೆಂಟಿನಲ್ಲಿ ಜನ ಬೈದದ್ದಕ್ಕೆ ಹೆದರಿ ಸಾವ್ಕಾರ್ರು ಆ ವಿಡಿಯೋನೇ ಅಳಿಸಿ, ನನ್ನ ಮುಖವೇ ಇದ್ದ ಮೊದಲಿನ ವಿಡಿಯೋ ಹಾಕಿದರು. ಅದಕ್ಕೆ ಲೇಬಲ್ ಬೇಕಿರಲಿಲ್ಲ.

ಸಂಜೆ ಹರಿಹರಕ್ಕೆ ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಮೊಬೈಲ್ ತೆಗೆದು ನೋಡಿದೆ. ಮೊದಲ ಕಮೆಂಟ್ ಬಂದಿತ್ತು: "ಈ ಹೆಂಗಸೂ ಎಐನೇ. ಈ ಸಲನೂ ಲೇಬಲ್ ಹಾಕಿಲ್ಲ, ಕಳ್ಳರು."