ಹನ್ನೆರಡು ಅಕ್ಷರಗಳ ಸುಗಂಧಾಬಾಯಿ

ಸುಗಂಧಾಬಾಯಿ ಕೈ ನೋಡಿ ಭವಿಷ್ಯ ಹೇಳುತ್ತಾರೆಂದು ನಾನು ಎರಡು ವಾರ ನಂಬಿದ್ದೆ. ನಿಪ್ಪಾಣಿಯ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅವರದೊಂದು ಸಣ್ಣ ಅಂಗಡಿ. ಹಾದುಹೋಗುವಾಗಲೆಲ್ಲ ಯಾರೋ ಒಬ್ಬರು ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂತಿರುತ್ತಿದ್ದರು. ಇವರು ಭೂತಗನ್ನಡಿ ಹಿಡಿದು ಬಗ್ಗಿ ನೋಡಿ, ತಲೆ ಅಲ್ಲಾಡಿಸುತ್ತಿದ್ದರು. ಪ್ರೌಢಶಾಲೆಯ ಮಾಸ್ತರನಾದ ನನಗೆ ಬಡ್ತಿಯ ಚಿಂತೆಯಿತ್ತು. ಒಂದು ದಿನ ಒಳಗೆ ಹೋಗಿ ಬಲಗೈ ಚಾಚಿದೆ.

"ಇದರಾಗ ನಂಬರ ಎಲ್ಲೈತ್ರಿ ಮಾಸ್ತರ?" ಎಂದರು.

ಅವರದು ವಿಡಿಯೋ ಗೇಮಿನ ಅಂಗಡಿ. ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲ್ ಎಂಬ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದರು, ಆಟದ ಕಾರ್ಡ್ ಮಾರುತ್ತಿದ್ದರು. ಕಾರ್ಡಿನ ಹಿಂದಿನ ಬೂದು ಪಟ್ಟಿಯನ್ನು ಕೆರೆದರೆ ಹನ್ನೆರಡು ಅಕ್ಷರ, ಅಂಕಿಗಳ ಕೋಡ್ ಸಿಗುತ್ತದೆ. ಅದನ್ನು ಯಂತ್ರದಲ್ಲಿ ತುಂಬಿದರೆ ಆಟ ನಮ್ಮದಾಗುತ್ತದೆ. ಗಂಡ ಸಂಭಾಜಿ ತೀರಿಹೋದ ಮೇಲೆ, ಬೀಡಿ ಕಟ್ಟುತ್ತಿದ್ದ ಬೆರಳುಗಳಿಗೆ ಸ್ಕ್ರೂಡ್ರೈವರ್ ಕಲಿಸಿಕೊಂಡು ಆರು ವರ್ಷ ಅಂಗಡಿ ನಡೆಸಿದ್ದರು.

ಕೋಡ್ ನಡೆಯುತ್ತಿಲ್ಲ ಎಂದು ಬಂದವರಿಗೆ ಅವರು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಏನಂತ ಬರಾಕತ್ತೈತಿ? ತಪ್ಪೈತಿ ಅಂತನೋ, ಆಗಲೇ ವಾಪರಾಗೈತಿ ಅಂತನೋ?" ಎರಡೂ ಒಂದೇ ಅಲ್ಲವೇ ಎಂದರೆ ಸಿಟ್ಟಾಗುತ್ತಿದ್ದರು. ತಪ್ಪು ಎಂದು ಬಂದರೆ ಎಂಟನ್ನು ಬಿ ಎಂದು ಓದಿರಬಹುದು, ಕೆರೆಯುವಾಗ ಅಕ್ಷರ ಹರಿದಿರಬಹುದು, ಬೇರೆ ದೇಶದ ಕಾರ್ಡ್ ಇರಬಹುದು, ಮಾರಿದ ಅಂಗಡಿಯವರು ಕಾರ್ಡನ್ನು ಚಾಲೂ ಮಾಡದೆ ಕೊಟ್ಟಿರಬಹುದು. ಇದಕ್ಕೆಲ್ಲ ಔಷಧವಿದೆ. ಆಗಲೇ ವಾಪರಾಗಿದೆ, ಅಂದರೆ ಬಳಸಿಯಾಗಿದೆ ಎಂದು ಬಂದರೆ ಕೋಡ್ ಸರಿಯಾಗಿಯೇ ಇದೆ, ಆದರೆ ಯಾರೋ ತಿಂದು ಮುಗಿಸಿದ್ದಾರೆ. ಹೆಚ್ಚಿನ ಸಲ ಆ ಯಾರೋ ಮನೆಯವರೇ ಆಗಿರುತ್ತಾರೆ. ಅಣ್ಣನ ಖಾತೆಯಲ್ಲಿ ಇಳಿದಿರುವ ಆಟವನ್ನು ತಮ್ಮ ತನ್ನ ಖಾತೆಯಲ್ಲಿ ಹುಡುಕುತ್ತಿರುತ್ತಾನೆ.

2018ರ ದಸರೆಯ ಮರುದಿನ ಭೋಜ ಎಂಬ ಊರಿನ ಬಾಳಾಸಾಬರು ಆ ಅಂಗಡಿಗೆ ಬಂದರು. ಕಬ್ಬು ಸಾಗಿಸುವ ಹನ್ನೊಂದು ಟ್ರ್ಯಾಕ್ಟರುಗಳ ಮಾಲೀಕರು, ಅಂಗಡಿಯ ಜಾಗದ ಒಡೆಯನಿಗೆ ಭಾವ. ಎಲ್ಲಿಗೆ ಹೋದರೂ ಸಾಕ್ಷಿಗೆ ಒಬ್ಬ ಪಂಚ ಜೊತೆಗಿರಬೇಕು ಅವರಿಗೆ. ಆ ದಿನದ ಪಂಚ ನಾನು. ಜೀಪಿನಿಂದ ಇಳಿಸಿದ ಕನ್ಸೋಲಿನ ಮೇಲೆ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ಅರಿಶಿನ ಕುಂಕುಮ ಇನ್ನೂ ಹಾಗೇ ಇತ್ತು. ಮಗಳು ಕೋಮಲ ತಲೆ ತಗ್ಗಿಸಿ ಹಿಂದೆ ನಿಂತಿದ್ದಳು.

"ಏ ಬಾಯಿ, ಖೋಟಾ ಮಾಲ ಕೊಟ್ಟೀದಿ. ಹತ್ತು ಮಂದಿ ಮುಂದ ನಂಬರ ಹಾಕಿದೆ, ಆಗಲೇ ವಾಪರಾಗೈತಿ ಅಂತು. ನನ್ನ ಮರ್ಯಾದಿ ಏನಾತು?"

"ಕಾರ್ಡ ಕೊಡ್ರಿ ಸಾವಕಾರ್ರ."

ಭೂತಗನ್ನಡಿ ಹಿಡಿದು ಹನ್ನೆರಡನ್ನೂ ಓದಿದರು. ಯಂತ್ರವನ್ನು ಟಿ.ವಿ.ಗೆ ಜೋಡಿಸಿ, ಒಂದೊಂದೇ ಅಕ್ಷರ ಒತ್ತಿದರು. ಅದೇ ಉತ್ತರ ಬಂತು. ಯಂತ್ರದಲ್ಲಿ ಎರಡು ಖಾತೆಗಳಿದ್ದವು, ಒಂದು ಕೋಮಲಳದು, ಇನ್ನೊಂದು ಬಾಳಾಸಾಬರದು. ಎರಡರ ಖರೀದಿ ಪಟ್ಟಿಯನ್ನೂ ತೆರೆದು ನೋಡಿದರು. ಎರಡೂ ಖಾಲಿ.

"ಖಂಡೇ ಪೂಜಾ ದಿನ ಮುಂಜಾನೆ ಒಂಬತ್ತೂವರಿಗೆ ನಿಮ್ಮ ಕಣ್ಣ ಮುಂದನ ಚಾಲೂ ಮಾಡಿ ಕೊಟ್ಟೀನ್ರಿ. ಬೂದು ಪಟ್ಟಿ ಹಾಂಗೇ ಇತ್ತು."

"ಅಂದ್ರ ನಾ ಸುಳ್ಳ ಹೇಳಾಕತ್ತೀನೇನು? ಮಾಸ್ತರ, ನೀವ ಹೇಳ್ರಿ."

ನಾನು ಗಂಟಲು ಸರಿಮಾಡಿಕೊಂಡು, ವಿಷಯ ತಾಂತ್ರಿಕವಾದದ್ದು ಎಂದೆ. ಪಂಚನ ಕೆಲಸ ಇಷ್ಟು ಹಗುರವೆಂದು ನನಗೆ ಮೊದಲು ಗೊತ್ತಿರಲಿಲ್ಲ.

ಸುಗಂಧಾಬಾಯಿ ಬಿಲ್ಲಿನ ಜೊತೆಗೆ ಕಾರ್ಡಿನ ಎರಡೂ ಬದಿಯ ಫೋಟೊ ತೆಗೆದು ಕಂಪನಿಗೆ ಬರೆದರು. ನಾಲ್ಕು ದಿನಕ್ಕೆ ಉತ್ತರ ಬಂತು. ಪೂಜೆಯ ದಿನ ಹನ್ನೊಂದು ಐವತ್ತೆರಡಕ್ಕೆ ಆ ಕೋಡ್ ಬೇರೊಂದು ಖಾತೆಗೆ ಹೋಗಿದೆ, ಯಾರ ಖಾತೆ ಎಂದು ಹೇಳಲು ಬರುವುದಿಲ್ಲ, ಮತ್ತೊಂದು ಕೋಡ್ ಕೊಡಲೂ ಬರುವುದಿಲ್ಲ. ಕೋಡ್ ಮಾರಿದ್ದಕ್ಕೂ ಹೋದದ್ದಕ್ಕೂ ನಡುವೆ ಎರಡು ತಾಸು ಇಪ್ಪತ್ತೆರಡು ನಿಮಿಷ. ಆ ಹೊತ್ತಿನಲ್ಲಿ ಕಾರ್ಡ್ ಎಲ್ಲಿತ್ತು?

ಸುಗಂಧಾಬಾಯಿ ಅದನ್ನು ಕೇಳಿದಾಗ ಕೋಮಲ ಅಳುತ್ತ ಮೊಬೈಲ್ ತೋರಿಸಿದಳಂತೆ. "ಮಾವಶಿ, ಅಪ್ಪಾ ಬೈತಾರಂತ ಹೇಳಲಿಲ್ಲ."

ಬಾಳಾಸಾಬರು ಖಂಡೇ ಪೂಜೆಯಲ್ಲಿ ಟ್ರ್ಯಾಕ್ಟರ್, ಕುಡಗೋಲು, ತಕ್ಕಡಿಗಳ ಸಾಲಿನಲ್ಲಿ ಹೊಸ ಕನ್ಸೋಲನ್ನೂ ಇಟ್ಟಿದ್ದರು. ನಂಬರಿಗೂ ದೇವರ ಕೃಪೆ ಇರಲೆಂದು ಪಟ್ಟಿ ಕೆರೆದು, ಕುಂಕುಮ ಹಚ್ಚಿ, ಕಾರ್ಡನ್ನು ಯಂತ್ರದ ಮೇಲೆ ಮಲಗಿಸಿದ್ದರು. ಯಂತ್ರದ ಬೆಲೆ ಊರಿಗೆ ತಿಳಿಯಲೆಂದು ಹತ್ತಿರದಿಂದ ಫೋಟೊ ಹೊಡೆದು, ಹನ್ನೊಂದು ನಲವತ್ತಕ್ಕೆ ನಾಲ್ಕು ವಾಟ್ಸಾಪ್ ಗುಂಪುಗಳಿಗೆ ಶುಭಾಶಯದೊಂದಿಗೆ ಕಳಿಸಿದ್ದರು. ಒಂದು ಅಂಕಿಯ ತಲೆಗೆ ಕುಂಕುಮ ತಗುಲಿತ್ತು. ಆದರೂ ಹಿಗ್ಗಿಸಿದರೆ ಹನ್ನೆರಡನ್ನೂ ಓದಬಹುದಿತ್ತು. ತಾವು ಮಾತ್ರ ಅದನ್ನು ಯಂತ್ರದಲ್ಲಿ ತುಂಬಲು ಸಂಜೆಯ ಮುಹೂರ್ತಕ್ಕೆ ಕಾದಿದ್ದರು.

ಇನ್ನು ಮುಗಿಯಿತು ಎಂದು ಸುಗಂಧಾಬಾಯಿ ಭಾವಿಸಿದರು. ಬಸ್ಸು ಹತ್ತಿ ಭೋಜಕ್ಕೆ ಹೋಗಿ, ಕಂಪನಿಯ ಉತ್ತರವನ್ನೂ ಫೋಟೊವನ್ನೂ ಬಾಳಾಸಾಬರ ಕಟ್ಟೆಯ ಮೇಲೆ ಇಟ್ಟರು. ಆಗಲೂ ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

ಬಾಳಾಸಾಬರು ಫೋಟೊ ನೋಡಿದರು. ಒಂದು ಕ್ಷಣ ಅವರ ಮುಖದ ಬಣ್ಣ ಇಳಿಯಿತು. ಆಮೇಲೆ ದನಿ ಏರಿತು.

"ಪೂಜಾದ ಫೋಟೊ ಮ್ಯಾಲ ಆರೋಪ ಮಾಡ್ತೀಯೇನು? ಅಂದ್ರ ನಮ್ಮ ಗುಂಪಿನ ಮಂದಿ ಕಳ್ಳರು? ಸಕ್ಕರಿ ಕಾರಖಾನಿ ಚೇರಮನ್ನರು ಅದಾರ ಅದರಾಗ, ಮಾಸ್ತರ ಅದಾರ!"

"ಕಳ್ಳರು ಅಂತ ಯಾರಿಗೂ ಅಂದಿಲ್ರಿ. ನಾ ಕಳ್ಳಿ ಅಲ್ಲ ಅಂತ ಹೇಳಾಕ ಬಂದೀನಿ."

"ತಪ್ಪಾತು ಅಂತ ಅನ್ನು, ಮುಗೀತು. ಅಂಗಡಿ ನಡಸ್ಕೋ. ನಾ ಏನ ರಾಕ್ಷಸ ಅಲ್ಲ."

"ಆಗದ ತಪ್ಪ ಹೆಂಗ ಆತು ಅನ್ಲಿ?"

"ಮಾಸ್ತರ, ತಿಳಿಸಿ ಹೇಳ್ರಿ ಈ ಬಾಯಿಗೆ."

ನಾನು ತಿಳಿಸಿ ಹೇಳಿದೆ. ಎರಡು ಶಬ್ದದ ಮಾತು, ಆಡಿದರೆ ಏನು ಸವೆಯುತ್ತದೆ, ಹೊಟ್ಟೆಪಾಡು ದೊಡ್ಡದು ಎಂದೆಲ್ಲ, ಶಾಲೆಯಲ್ಲಿ ನೀತಿಪಾಠ ಮಾಡುವ ದನಿಯಲ್ಲಿಯೇ. ಸುಗಂಧಾಬಾಯಿ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಕೊಟ್ಟ ಚಹಾ ಮುಟ್ಟದೆ ಎದ್ದರು. ಕೋಮಲ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಒಂದು ನೋಟಕ್ಕೆ ಒಳಗೆ ಹೋದಳು.

ಅಂದೇ ಅದೇ ನಾಲ್ಕು ಗುಂಪುಗಳಲ್ಲಿ, ನಿಪ್ಪಾಣಿಯಲ್ಲಿ ವಾಪರಿಸಿದ ಕಾರ್ಡ್ ಮಾರುವ ಹೆಂಗಸೊಬ್ಬಳಿದ್ದಾಳೆ, ಎಚ್ಚರ ಎಂಬ ಸಂದೇಶ ಬಂತು. ಕೆಳಗೆ ಅಂಗಡಿಯ ಫೋಟೊ. ವಾರದೊಳಗೆ ಗಿರಾಕಿ ಬರುವುದು ನಿಂತಿತು. ಗೇಮಿಗೆ ಬರುವ ಮಕ್ಕಳ ಕಿವಿ ಹಿಡಿದು ಎಳೆದುಕೊಂಡು ಹೋದ ತಾಯಂದಿರೂ ಉಂಟು. ಒಮ್ಮೆ ದುರಸ್ತಿಗೆ ಕೊಟ್ಟ ಯಂತ್ರವನ್ನು ಒಬ್ಬರು ಅರ್ಧ ಬಿಚ್ಚಿದ ಸ್ಥಿತಿಯಲ್ಲೇ ಒಯ್ದರು, ಸ್ಕ್ರೂಗಳನ್ನು ಎಣಿಸಿಕೊಂಡು. ದೀಪಾವಳಿಗೆ ಜಾಗದ ಒಡೆಯ ಬೀಗದ ಕೈ ಕೇಳಿದ. ನಾನು ಆಗ ಶಾಲೆಯಲ್ಲಿ ಸತ್ಯದ ಮಹತ್ವದ ಮೇಲೆ ಪ್ರಬಂಧ ಸ್ಪರ್ಧೆ ಏರ್ಪಡಿಸುವುದರಲ್ಲಿ ಮುಳುಗಿದ್ದೆ.

ಮರುವರ್ಷದ ಬೇಸಿಗೆಯಲ್ಲಿ ಅವರನ್ನು ಕಂಡದ್ದು ತಂಬಾಕಿನ ಗೋದಾಮಿನ ಹೊರಗೆ. ಸೀರೆಯ ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದರು, ಹುಬ್ಬಿನ ಮೇಲೆಲ್ಲ ಕಂದು ಪುಡಿ. ಮಾತಿನ ನಡುವೆ ಎರಡು ಸಲ ಕೆಮ್ಮಿದರು. ಯಂತ್ರಗಳನ್ನು ಕೊಲ್ಲಾಪುರದವನಿಗೆ ಸಿಕ್ಕಷ್ಟಕ್ಕೆ ಕೊಟ್ಟೆ ಎಂದರು. ಸಹಾನುಭೂತಿ ತೋರಿಸುವುದು ನನ್ನ ಕರ್ತವ್ಯವೆಂದು ನನಗನ್ನಿಸಿತು.

"ಅಲ್ರಿ ಬಾಯಿ," ಎಂದೆ, "ಅಷ್ಟ ಸ್ಪಷ್ಟ ಫೋಟೊ. ಗುಂಪಿನ್ಯಾಗ ಒಬ್ಬನರ ಚಲೋ ಮನಷ್ಯಾ ಅದನ್ನ ನೋಡಿದ್ದರ, ನಿಮ್ಮ ಪರವಾಗಿ ಸಾಕ್ಷಿ ಹೇಳ್ತಿರಲಿಲ್ಲೇನು? ಯಾರೂ ನೋಡೇ ಇಲ್ಲೇನು ಅದನ್ನ?"

ಸುಗಂಧಾಬಾಯಿ ಸೆರಗನ್ನು ಮೂಗಿನಿಂದ ಕೆಳಗೆ ಸರಿಸಿದರು.

"ನೀವ ನೋಡೀರಲ್ರಿ ಮಾಸ್ತರ. ಹನ್ನೊಂದು ನಲವತ್ತೆಂಟಕ್ಕ ಅದರ ಕೆಳಗ ಕೈ ಮುಗದೀರಿ."